ಶೃತಿಯೋ, ಶ್ರುತಿಯೋ?

ಹಾಸನದ ಕಟ್ಟಿನಕೆರೆ ಮಾರ್ಕೆಟ್ ಹತ್ತಿರದ ಪ್ರೆಸ್ಸು. ಆಲೂರಿನಿಂದ ಬಂದಿದ್ದ ಹುಡುಗಿಯ ಅಪ್ಪ ಲಗ್ನಪತ್ರಿಕೆಯ ಪ್ರೂಫ್ ಮೇಲೆ ಬೆರಳಿಟ್ಟರು.

"ಮಗಳ ಹೆಸರು ತಪ್ಪಾಗಿದೆ. ಶೃತಿ ಅಂತ ಬರೀಬೇಕು."

"ಯಜಮಾನ್ರೇ, ಶಕಾರಕ್ಕೆ ರ ಒತ್ತು, ಆಮೇಲೆ ಕೊಂಬು. ಶ್ರುತಿ. ಅದೇ ಸರಿ."

"ಟಿ.ಸಿ.ಯಲ್ಲಿ ಶೃತಿ ಅಂತಲೇ ಇದೆಯಲ್ಲಪ್ಪ! ಮದುವೆ ರಿಜಿಸ್ಟರ್ ಮಾಡ್ಸೋಕೂ ಇದೇ ಕಾರ್ಡ್ ಕೊಡ್ಬೇಕು."

ಅಮ್ಮ ನಡುವೆ ಬಾಯಿ ಹಾಕಿದರು. "ಬೀಗರು ಮೇಷ್ಟ್ರು ಕಣ್ರೀ. ನಗಲ್ವಾ?"

ಅಪ್ಪ ಜಗ್ಗಲಿಲ್ಲ. ಕೊನೆಗೆ ಮಗಳಿಗೇ ಫೋನ್ ಹೋಯಿತು.

"ಸುಮ್ನೆ ಆಧಾರ್‌ನಲ್ಲಿ ಇರೋ ಹಾಗೆ ಹಾಕ್ಸಿ," ಅಂದಳು.

ಆಧಾರ್ ತೆಗೆದು ನೋಡಿದರೆ ‘ಶ್ರೃತಿ’!

ಪ್ರೆಸ್ಸಿನವರು ಕನ್ನಡಕ ತೆಗೆದು ಕೆಳಗಿಟ್ಟರು. "ಶೃತಿ ಅಂತಲೇ ಹಾಕ್ತೀನಿ ಬಿಡಿ. ಆದ್ರೆ ಕೆಳಗೆ ನನ್ನ ಪ್ರೆಸ್ಸಿನ ಹೆಸರು ಮಾತ್ರ ಬೇಡ."