ಹೊಸ ಏರ್ ಕಂಪ್ರೆಸರ್‌ಗೆ ₹17 ಲಕ್ಷದ ಮಂಜೂರಾತಿ ಕೋರಿ

ದಿನಾಂಕ: 22 ಜುಲೈ 2025
ಗೆ: ಫೈನಾನ್ಸ್ ಹೆಡ್
ಇಂದ: ಮೇಂಟೆನೆನ್ಸ್ ಮ್ಯಾನೇಜರ್, ಪೀಣ್ಯ ಘಟಕ
ಪ್ರತಿ: ಪ್ಲಾಂಟ್ ಹೆಡ್, ಪರ್ಚೇಸ್

ಮೇಡಂ, ನಮಸ್ಕಾರ.

2ನೇ ನಂಬರ್ ಕಂಪ್ರೆಸರ್ ತೆಗೆದು, ಅದರ ಜಾಗಕ್ಕೆ ಬೇಡಿಕೆಗೆ ತಕ್ಕಂತೆ ವೇಗ ಬದಲಿಸುವ, 55 ಕಿಲೋವ್ಯಾಟ್‌ನ ವಿಎಫ್‌ಡಿ ಸ್ಕ್ರೂ ಕಂಪ್ರೆಸರ್ ಹಾಕಲು ₹17 ಲಕ್ಷ ಬೇಕು. ಜಿಎಸ್‌ಟಿ ಬೇರೆ. ಹಳೇ ಮಶೀನಿಗೆ ಎಕ್ಸ್‌ಚೇಂಜ್‌ನಲ್ಲಿ ₹1.2 ಲಕ್ಷ ಬರುತ್ತೆ. ಅಂದರೆ ನಿಜವಾದ ಖರ್ಚು ₹15.8 ಲಕ್ಷ. ವರ್ಷಕ್ಕೆ ಸುಮಾರು ₹6.9 ಲಕ್ಷ ಉಳಿಯುತ್ತದೆ. ಇದು ಈ ವರ್ಷದ ಕ್ಯಾಪೆಕ್ಸ್ ಬಜೆಟ್‌ನಲ್ಲಿ ಇರಲಿಲ್ಲ, ಅದಕ್ಕೇ ಬೇರೆಯಾಗಿ ಕೇಳುತ್ತಿದ್ದೇನೆ.

ಈಗ ಆಗುತ್ತಿರುವುದು

ನಮ್ಮಲ್ಲಿ 37 ಕಿಲೋವ್ಯಾಟ್‌ನ ಎರಡು ಕಂಪ್ರೆಸರ್ ಇವೆ. ಎರಡೂ 2011ರಲ್ಲಿ ಹಾಕಿದವು. 1ನೇದು ಪೂರ್ತಿ ಲೋಡ್‌ನಲ್ಲಿ ಓಡುತ್ತೆ, ಅದರ ತಕರಾರಿಲ್ಲ. 2ನೇದು ನೂರು ನಿಮಿಷ ಓಡಿದರೆ ಗಾಳಿ ಕೊಡುವುದು 35 ನಿಮಿಷ ಮಾತ್ರ. ಉಳಿದ 65 ನಿಮಿಷ ಸುಮ್ನೆ ತಿರುಗುತ್ತಾ ಇರುತ್ತೆ. ಹಾಗೆ ಸುಮ್ನೆ ತಿರುಗುವಾಗಲೂ 12 ಕಿಲೋವ್ಯಾಟ್ ಮೇಲೆ ಕರೆಂಟ್ ಎಳೆಯುತ್ತೆ. ಎರಡಕ್ಕೂ ಆರು ಕೆಲಸದ ದಿನ ಮೀಟರ್ ಕಟ್ಟಿ ನೋಡಿದೆವು. ದಿನಕ್ಕೆ ಸರಾಸರಿ 1,016 ಯೂನಿಟ್ ಬಂತು. 300 ದಿನಕ್ಕೆ 3.05 ಲಕ್ಷ ಯೂನಿಟ್. ಯೂನಿಟ್‌ಗೆ ₹7.50 ಹಿಡಿದರೆ ವರ್ಷಕ್ಕೆ ಸುಮಾರು ₹22.9 ಲಕ್ಷ. ಈ ₹7.50ರಲ್ಲಿ ಫಿಕ್ಸೆಡ್ ಚಾರ್ಜ್ ಸೇರಿಸಿಲ್ಲ. ಕಂಪ್ರೆಸರ್ ಬದಲಾದ ಮಾತ್ರಕ್ಕೆ ಅದು ಇಳಿಯಲ್ಲ, ಅಲ್ವಾ?

ಲೀಕೇಜ್ ಎಷ್ಟಿದೆ ಅಂತ ತಿಳಿಯಲು ಕಳೆದ ಭಾನುವಾರ ಒಂದು ಟೆಸ್ಟ್ ಮಾಡಿದೆವು. ಎಲ್ಲ ಮಶೀನ್ ಆಫ್ ಮಾಡಿ, ಒಂದೇ ಕಂಪ್ರೆಸರ್ ಓಡಿಸಿದೆವು. ಗಾಳಿ ಬಳಸುವವರು ಯಾರೂ ಇಲ್ಲ. ಹಾಗಿದ್ದರೂ ಅದು 60 ಸೆಕೆಂಡ್ ಲೋಡ್, 140 ಸೆಕೆಂಡ್ ಅನ್‌ಲೋಡ್ ಆಗುತ್ತಲೇ ಇತ್ತು. ಅಂದರೆ ಆ ಮಶೀನಿನ ಗಾಳಿಯಲ್ಲಿ ಶೇ 30 ಬರೀ ಲೀಕ್‌ಗೆ ಹೋಗುತ್ತಿದೆ, ನಿಮಿಷಕ್ಕೆ ಸುಮಾರು 69 ಘನ ಅಡಿ, ಅಂದರೆ 69 ಸಿಎಫ್‌ಎಂ. ಶೆಡ್ ನಿಶ್ಶಬ್ದವಾಗಿದ್ದಾಗ ನಡೆದು ಹೋದರೆ ಬುಸ್ ಬುಸ್ ಅಂತ ಕಿವಿಗೇ ಕೇಳುತ್ತೆ. ಗ್ರೈಂಡಿಂಗ್ ಲೈನಿನ ಒಂದು ಕಪ್ಲರ್‌ಗೆ ಯಾರೋ ಸೈಕಲ್ ಟ್ಯೂಬಿನ ತುಂಡು ಸುತ್ತಿ, ಮೇಲೆ ಬೈಂಡಿಂಗ್ ವೈರ್ ಬಿಗಿದಿದ್ದರು. ಸೋಪಿನ ನೀರು ಹಾಕಿದರೆ ಅಲ್ಲೂ ಗುಳ್ಳೆ. ಇದರಲ್ಲಿ ನನ್ನ ವಿಭಾಗದ ತಪ್ಪೂ ಇದೆ, ಒಪ್ಪುತ್ತೇನೆ.

ಇನ್ನೊಂದು ವಿಷಯ. 2ನೇ ಕಂಪ್ರೆಸರ್‌ನಲ್ಲಿ ಗಾಳಿ ಒತ್ತುವ ಭಾಗವಾದ ಏರ್‌ಎಂಡ್ ಸದ್ದು ಮಾಡಲು ಶುರುಮಾಡಿದೆ. ಓವರ್‌ಹಾಲ್‌ಗೆ ₹3.6 ಲಕ್ಷ ಕೊಟೇಶನ್ ಬಂದಿದೆ. ಜೂನ್‌ನಲ್ಲಿ ಅದು ಟ್ರಿಪ್ ಆಗಿ, ಗಾಳಿಯ ಪ್ರೆಶರ್ ಬಿದ್ದು, ಸಿಎನ್‌ಸಿ ಲೈನ್ 3 ಗಂಟೆ 20 ನಿಮಿಷ ನಿಂತಿತ್ತು. ಆ ನಷ್ಟವನ್ನು ಕೆಳಗಿನ ಲೆಕ್ಕದಲ್ಲಿ ಹಿಡಿದಿಲ್ಲ. ಹೊಸ ಮಶೀನೂ ಟ್ರಿಪ್ ಆಗಲ್ಲ ಅಂತ ನಾನು ಬರೆದುಕೊಡಲಾರೆ.

ಖರ್ಚು

- ಕಂಪ್ರೆಸರ್ (ಮೂರು ಕೊಟೇಶನ್‌ಗಳಲ್ಲಿ ಕಡಿಮೆಯದು): ₹13,80,000
- ಪೈಪಿಂಗ್, ಕೇಬಲ್, ಬಿಸಿಗಾಳಿ ಹೊರಹಾಕುವ ಡಕ್ಟ್: ₹1,35,000
- ಲೀಕೇಜ್ ರಿಪೇರಿ, ಹೊಸ ಕಪ್ಲರ್, ಹೋಸ್: ₹90,000
- ಫ್ಲೋ ಮೀಟರ್, ಎನರ್ಜಿ ಮೀಟರ್: ₹60,000
- ಕ್ರೇನ್, ಸಾಗಾಟ: ₹35,000

ಒಟ್ಟು ₹17,00,000. ಇದರ ಮೇಲೆ 18% ಜಿಎಸ್‌ಟಿ ₹3,06,000. ಇನ್‌ಪುಟ್ ಕ್ರೆಡಿಟ್ ಸಿಗುತ್ತೆ, ಆದರೂ ಕ್ಯಾಶ್ ಮೊದಲು ಹೊರಹೋಗಬೇಕು. ಎಕ್ಸ್‌ಚೇಂಜ್ ಮಶೀನಿಗೆ ನಮ್ಮ ಕಡೆಯಿಂದಲೂ ಜಿಎಸ್‌ಟಿ ಬಿಲ್ ಆಗಬೇಕು. ಅದನ್ನು ಅಕೌಂಟ್ಸ್‌ನವರು ನೋಡಿಕೊಂಡರೆ ಒಳ್ಳೆಯದು.

ಮೀಟರ್‌ಗೆ ಯಾಕೆ ₹60,000 ಅಂತ ನೀವು ಕೇಳೇ ಕೇಳುತ್ತೀರಿ. ಅದಿಲ್ಲದೆ ಮುಂದಿನ ವರ್ಷ ಉಳಿತಾಯ ಎಷ್ಟಾಯ್ತು ಅಂತ ನೀವು ಕೇಳಿದಾಗ ನನ್ನ ಹತ್ತಿರ ಬಾಯಿಮಾತು ಬಿಟ್ಟು ಏನೂ ಇರಲ್ಲ.

ಉಳಿತಾಯ

ಲೀಕ್ ಮುಚ್ಚಿದರೆ ಗಾಳಿಯ ಬೇಡಿಕೆ 310ರಿಂದ 270 ಸಿಎಫ್‌ಎಂಗೆ ಇಳಿಯುತ್ತದೆ. 69ರಲ್ಲಿ 40 ಮಾತ್ರ ನಿಲ್ಲುತ್ತೆ ಅಂತ ಹಿಡಿದಿದ್ದೇನೆ, ಪೂರ್ತಿ ಸೊನ್ನೆ ಮಾಡಲು ಆಗಲ್ಲ. ಅಷ್ಟು ಗಾಳಿಯನ್ನು ಹೊಸ ಮಶೀನ್ ಒಂದೇ ಸುಮಾರು 47 ಕಿಲೋವ್ಯಾಟ್‌ನಲ್ಲಿ ಕೊಡುತ್ತೆ. ಈಗ ಎರಡೂ ಸೇರಿ 63.5 ಕಿಲೋವ್ಯಾಟ್ ತಿನ್ನುತ್ತಿವೆ. ದಿನಕ್ಕೆ 16 ಗಂಟೆಯಂತೆ ವರ್ಷಕ್ಕೆ 79,200 ಯೂನಿಟ್, ಅಂದರೆ ₹5.94 ಲಕ್ಷ ಉಳಿಯುತ್ತದೆ. ಮೇಂಟೆನೆನ್ಸ್‌ನಲ್ಲಿ ಇನ್ನೊಂದು ₹1 ಲಕ್ಷ. 1ನೇ ಕಂಪ್ರೆಸರ್ ಸ್ಟ್ಯಾಂಡ್‌ಬೈ ಆಗಿ ಇರುತ್ತೆ, ಬೇಡಿಕೆ ಏರಿದಾಗ ತಾನೇ ಸ್ಟಾರ್ಟ್ ಆಗುತ್ತೆ.

₹15.8 ಲಕ್ಷ 27 ತಿಂಗಳಲ್ಲಿ ವಾಪಸ್. ಹೇಗೂ ಮಾಡಿಸಬೇಕಾಗಿದ್ದ ಓವರ್‌ಹಾಲ್ ಖರ್ಚನ್ನು ಕಳೆದರೆ 21 ತಿಂಗಳು. ಕರೆಂಟ್ ಉಳಿತಾಯ ಅಂದುಕೊಂಡದ್ದರಲ್ಲಿ ಮುಕ್ಕಾಲು ಭಾಗ ಮಾತ್ರ ಬಂದರೆ, ಓವರ್‌ಹಾಲ್ ಲೆಕ್ಕ ಬಿಟ್ಟು, 35 ತಿಂಗಳು. ನೀವು ಈ ಕೊನೇ ಅಂಕಿಯನ್ನೇ ಹಿಡಿದು ನೋಡಿ.

ಬೇರೆ ದಾರಿ

ಬರೀ ಲೀಕ್ ರಿಪೇರಿ: ಕಡಿಮೆ ಖರ್ಚಿನದು, ನನಗೂ ಮೊದಲು ಇದೇ ಸಾಕು ಅನ್ನಿಸಿತ್ತು. ಆದರೆ ಬೇಡಿಕೆ ಇಳಿದಷ್ಟೂ 2ನೇ ಕಂಪ್ರೆಸರ್ ಸುಮ್ನೆ ತಿರುಗುವುದು ಜಾಸ್ತಿಯಾಗುತ್ತೆ. ಉಳಿಯುವುದು ವರ್ಷಕ್ಕೆ ₹1.8 ಲಕ್ಷ ಮಾತ್ರ. ಓವರ್‌ಹಾಲ್ ಹೇಗೂ ತಪ್ಪಲ್ಲ.

ಓವರ್‌ಹಾಲ್ ಮಾತ್ರ: ₹3.6 ಲಕ್ಷ ಕೊಟ್ಟರೂ ಕರೆಂಟ್ ಬಿಲ್ ಹಾಗೇ ಇರುತ್ತೆ.

ಹಳೇದಕ್ಕೇ ವಿಎಫ್‌ಡಿ: ₹2.4 ಲಕ್ಷ, ಮೇಲೆ ಓವರ್‌ಹಾಲ್. ನಮಗೆ ಅದರಿಂದ ಬೇಕಿರುವುದು 40 ಸಿಎಫ್‌ಎಂ. ಅಷ್ಟು ನಿಧಾನಕ್ಕೆ ಆ ಮಶೀನ್ ಓಡಿಸುವ ಹಾಗಿಲ್ಲ.

ಬಾಡಿಗೆ: ತಿಂಗಳಿಗೆ ₹65,000, ವರ್ಷಕ್ಕೆ ₹7.8 ಲಕ್ಷ. ಉಳಿತಾಯಕ್ಕಿಂತ ಬಾಡಿಗೆಯೇ ಹೆಚ್ಚು.

ಯಾವಾಗ ಬೇಕು

ಕೊಟೇಶನ್ ದರ ಆಗಸ್ಟ್ 14ರವರೆಗೆ ಮಾತ್ರ. ಪಿಒ ಕೊಟ್ಟ ಮೇಲೆ ಡೆಲಿವರಿಗೆ 5ರಿಂದ 6 ವಾರ. ಸೆಪ್ಟೆಂಬರ್ ಕೊನೆಗೆ ಮಶೀನ್ ಓಡಿದರೆ ಈ ವರ್ಷ 180 ದಿನ ಬಳಸಿದ ಹಾಗಾಗಿ 15% ಡಿಪ್ರಿಸಿಯೇಷನ್ ಪೂರ್ತಿ ಸಿಗುತ್ತೆ, ತಡವಾದರೆ ಅರ್ಧವೇ. ಇದು ನನಗಿಂತ ನಿಮಗೆ ಚೆನ್ನಾಗಿ ಗೊತ್ತು. ಈ ಸಲ ಆಯುಧ ಪೂಜೆ ಅಕ್ಟೋಬರ್ 1ಕ್ಕಿದೆ. ಹುಡುಗರು ಆಗಲೇ ಹೊಸ ಮಶೀನಿಗೆ ಕುಂಬಳಕಾಯಿ ಒಡೆಯುವ ಲೆಕ್ಕದಲ್ಲಿದ್ದಾರೆ.

ಪೇಮೆಂಟ್ 30% ಅಡ್ವಾನ್ಸ್, 60% ಡಿಸ್ಪ್ಯಾಚ್‌ಗೆ ಮುಂಚೆ, 10% ಕೊನೆಗೆ. ಆ ಕೊನೇ 10%, ಅವರು ಕೊಟೇಶನ್‌ನಲ್ಲಿ ಬರೆದ ಕಿಲೋವ್ಯಾಟ್ ನಮ್ಮ ಮೀಟರ್‌ನಲ್ಲಿ ಕಂಡ ಮೇಲೆಯೇ. ಸಪ್ಲೈಯರ್ ಬಾಯಿಮಾತಲ್ಲಿ ಒಪ್ಪಿದ್ದಾರೆ. ಪಿಒದಲ್ಲಿ ಬರೆಸಿಕೊಳ್ಳುತ್ತೇನೆ.

ಲೀಕ್ ರಿಪೇರಿಯ ₹90,000 ಮಾತ್ರ ಈ ವಾರವೇ ಬಿಡುಗಡೆ ಮಾಡಿಕೊಡಿ, ಅದಕ್ಕೆ ಕಂಪ್ರೆಸರ್ ಬರುವವರೆಗೆ ಕಾಯಬೇಕಿಲ್ಲ. ಉಳಿದದ್ದಕ್ಕೆ ಆಗಸ್ಟ್ 8ರೊಳಗೆ ನಿಮ್ಮ ಒಪ್ಪಿಗೆ ಸಿಕ್ಕರೆ ಪರ್ಚೇಸ್‌ನವರಿಗೆ ಬೆಲೆ ಮಾತಾಡಲು ಒಂದು ವಾರ ಸಿಗುತ್ತೆ. ಮೀಟರ್ ರೀಡಿಂಗ್ ಶೀಟ್ ಮತ್ತು ಮೂರೂ ಕೊಟೇಶನ್ ಜೊತೆಗಿವೆ. ಬಿಡುವಿದ್ದರೆ ಒಂದು ಭಾನುವಾರ ಶೆಡ್‌ಗೆ ಬನ್ನಿ, ಆ ಬುಸ್ ಬುಸ್ ಸದ್ದು ನೀವೇ ಕೇಳಬಹುದು.

ಇಂತಿ,
ಮೇಂಟೆನೆನ್ಸ್ ಮ್ಯಾನೇಜರ್
ಪೀಣ್ಯ ಘಟಕ