ಬಿಲ್ 027ರ ಹಣ ಬಂತು, ಧನ್ಯವಾದ; ಮುಂದಿನ ಕ್ಯಾಟಲಾಗ್ ಬಗ್ಗೆಯೂ ಸ್ವಲ್ಪ

ನಮಸ್ಕಾರ ಮೇಡಂ,

ಕ್ಯಾಟಲಾಗ್ ವಿನ್ಯಾಸದ ಬಾಕಿ ಹಣ ಇವತ್ತು ಬೆಳಿಗ್ಗೆ ಖಾತೆಗೆ ಬಂದಿದೆ. ತುಂಬಾ ಧನ್ಯವಾದ. ಬಿಲ್‌ನಲ್ಲಿ 15 ದಿನದ ಗಡುವಿತ್ತು, ನೀವು ಮೂರೇ ದಿನಕ್ಕೆ ಕಳಿಸಿದಿರಿ. ವರ್ಗಾವಣೆಯ ಷರಾದಲ್ಲಿ ಬಿಲ್ ಸಂಖ್ಯೆ ಬರೆದಿದ್ದರಿಂದ ಯಾವ ಕೆಲಸದ ಹಣ ಎಂದು ತಾಳೆ ನೋಡುವ ತಾಪತ್ರಯವೂ ಉಳಿಯಲಿಲ್ಲ. ರಸೀದಿ ಲಗತ್ತಿಸಿದ್ದೇನೆ. 40% ಮುಂಗಡ, 60% ಬಾಕಿ ಎರಡೂ ಅದರಲ್ಲೇ ಇವೆ. ಅಲ್ಲಿಗೆ ಲೆಕ್ಕ ಚುಕ್ತಾ. ನಿಮ್ಮಲ್ಲಿ ಲೆಕ್ಕ ನೋಡಿಕೊಳ್ಳುವವರಿಗೂ ನನ್ನ ಧನ್ಯವಾದ ತಿಳಿಸಿ.

ಮುದ್ರಣದ ಪಿಡಿಎಫ್ ನಿಮ್ಮ ಬಳಿ ಇದೆ. ಮೂಲ ಕಡತ, ಚಿತ್ರಗಳು, ಫಾಂಟ್‌ಗಳನ್ನು ನಾನು ಒಂದು ವರ್ಷ ತೆಗೆದಿಟ್ಟಿರುತ್ತೇನೆ. ಹಾಗಾಗಿ ಮರುಮುದ್ರಣಕ್ಕೆ ಬೆಲೆಯಷ್ಟೇ ಬದಲಾಗುವುದಾದರೆ ಇಡೀ ಕೆಲಸದ ದರ ಹಾಕುವುದಿಲ್ಲ, ತಿದ್ದುವ ಪುಟಗಳಿಗೆ ಮಾತ್ರ.

ಹಬ್ಬದ ಸಮಯಕ್ಕೆ ಹೊಸ ಆವೃತ್ತಿ ತರುವ ಯೋಚನೆ ಇದೆ ಎಂದಿದ್ದಿರಿ. ಖಂಡಿತ ಮಾಡೋಣ, ನನಗೂ ಖುಷಿ. ಮುಂದಿನ ತಿಂಗಳ 10ರ ನಂತರ ಎರಡು ವಾರ ಬಿಡುವಿದೆ. ದರ, ಮುಂಗಡ ಎಲ್ಲ ಈ ಸಲದಂತೆಯೇ. 5ರೊಳಗೆ ಹೇಳಿದರೆ ಆ ದಿನಗಳನ್ನು ನಿಮಗೇ ಇಟ್ಟುಕೊಳ್ಳುತ್ತೇನೆ.

ಪುಟಗಳ ಲೆಕ್ಕವನ್ನು ಮಾತ್ರ ಮೊದಲೇ ತೀರ್ಮಾನಿಸೋಣ. ನಡುವೆ ಪಿನ್ ಹೊಡೆಯುವ ಪುಸ್ತಕದಲ್ಲಿ ಒಂದು ಹಾಳೆ ಮಡಚಿದರೆ 4 ಪುಟ. ಈಗಿನದು 48. ಎರಡೇ ಪುಟ ಸೇರಿಸಿದರೂ 52ಕ್ಕೆ ಹೋಗಬೇಕು, ಉಳಿದ ಎರಡು ಖಾಲಿ ಬೀಳುತ್ತವೆ. ಒಂದೋ ನಾಲ್ಕು ಪುಟಕ್ಕಾಗುವಷ್ಟು ಸರಕು ಕೊಡಿ, ಇಲ್ಲವೇ 48ರಲ್ಲೇ ಹೊಂದಿಸುತ್ತೇನೆ.

ಫೋಟೊಗಳನ್ನು ವಾಟ್ಸಾಪ್‌ನಲ್ಲಿ ಸಾಮಾನ್ಯ ಚಿತ್ರವಾಗಿ ಕಳಿಸಿದರೆ ಅದು ಅವನ್ನು ಕುಗ್ಗಿಸಿಬಿಡುತ್ತದೆ. ಫೋನಿನಲ್ಲಿ ಚೆನ್ನಾಗಿಯೇ ಕಾಣುತ್ತವೆ, ಅಚ್ಚಿನಲ್ಲಿ ಮಸುಕಾಗುತ್ತವೆ. ಡಾಕ್ಯುಮೆಂಟ್ ಆಗಿ ಅಥವಾ ಡ್ರೈವ್ ಲಿಂಕ್‌ನಲ್ಲಿ ಕಳಿಸಿ. 10 ಸೆಂ.ಮೀ. ಅಗಲ ಅಚ್ಚಾಗುವ ಚಿತ್ರಕ್ಕೆ ಸುಮಾರು 1200 ಪಿಕ್ಸೆಲ್ ಅಗಲ ಬೇಕು. ಬೆಲೆ, ಅಳತೆ, ಮಾದರಿ ಸಂಖ್ಯೆ ಎಲ್ಲ ಒಂದೇ ಎಕ್ಸೆಲ್ ಹಾಳೆಯಲ್ಲಿರಲಿ.

ತಿದ್ದುಪಡಿಗಳನ್ನು ಈ ಸಲದಂತೆ ನೀವೇ ಒಟ್ಟುಗೂಡಿಸಿ ಒಂದೇ ಪಿಡಿಎಫ್‌ನಲ್ಲಿ ಗುರುತು ಹಾಕಿ ಕೊಡಿ. ಎರಡೇ ಸುತ್ತಿನಲ್ಲಿ ಕೆಲಸ ಮುಗಿದದ್ದು ಅದರಿಂದಲೇ. ಮೂವರು ಬೇರೆ ಬೇರೆ ಹೇಳಿದರೆ ಒಬ್ಬರು ತೆಗೆಸಿದ್ದನ್ನು ಇನ್ನೊಬ್ಬರು ಮತ್ತೆ ಹಾಕಿಸುತ್ತಾರೆ!

ಅಂದಹಾಗೆ, ಅಚ್ಚಾದ ಮೇಲೆ ಎರಡು ಪ್ರತಿ ನನಗೂ ಕಳಿಸಿಕೊಡುತ್ತೀರಾ? ಮುಖಪುಟದ ಕಡುಗೆಂಪು ಬಣ್ಣ ಕಾಗದದ ಮೇಲೆ ಹೇಗೆ ಬಂದಿದೆ ಎಂದು ನೋಡಿದರೆ ಮುಂದಿನ ಸಲದ ಬಣ್ಣ ಹೊಂದಿಸಲು ಅನುಕೂಲ.

ವಂದನೆಗಳೊಂದಿಗೆ,
ನಿಮ್ಮ ಕ್ಯಾಟಲಾಗ್ ವಿನ್ಯಾಸಕಿ