ಏಳನೇ ತರಗತಿ ಹಿಂದಿ ವ್ಯಾಕರಣ ರಸಪ್ರಶ್ನೆ: ಲಿಂಗ, ಕ್ರಿಯಾರೂಪ ಮತ್ತು ಕಾರಕ ಚಿಹ್ನೆ

ತೃತೀಯ ಭಾಷೆ: ಹಿಂದಿ
ಸಮಯ: 40 ನಿಮಿಷ
ಒಟ್ಟು ಅಂಕ: 25

ಮಕ್ಕಳೇ, ಈ ಪತ್ರಿಕೆಯಲ್ಲಿ ಹಿಂದಿ ವಾಕ್ಯಗಳನ್ನು ಕನ್ನಡ ಲಿಪಿಯಲ್ಲಿ ಅಚ್ಚು ಮಾಡಲಾಗಿದೆ. ಅಕ್ಷರ ಓದುವ ಕಷ್ಟವು ವ್ಯಾಕರಣದ ಯೋಚನೆಗೆ ಅಡ್ಡಿಯಾಗಬಾರದು ಎಂಬುದೇ ಅದರ ಉದ್ದೇಶ. ನಿಮ್ಮ ಉತ್ತರಗಳನ್ನು ಮಾತ್ರ ದೇವನಾಗರಿಯಲ್ಲಿಯೇ ಬರೆಯಬೇಕು. ಕನ್ನಡದ ವಾಕ್ಯವನ್ನು ಪದಕ್ಕೆ ಪದವಾಗಿ ಹಿಂದಿಗೆ ತಿರುಗಿಸಿದಾಗ ಎಲ್ಲಿ ತಪ್ಪಾಗುತ್ತದೆಯೋ ಅಲ್ಲಿಂದಲೇ ಹೆಚ್ಚಿನ ಪ್ರಶ್ನೆಗಳನ್ನು ಆರಿಸಿರುವುದರಿಂದ, ಉತ್ತರ ಬರೆಯುವ ಮೊದಲು ಪ್ರತಿ ವಾಕ್ಯವನ್ನು ಎರಡು ಬಾರಿ ಓದಿರಿ.

ಭಾಗ 1: ಲಿಂಗ (7 ಅಂಕ)

ಕನ್ನಡದಲ್ಲಿ ಮೂರು ಲಿಂಗಗಳಿವೆ, ಹಿಂದಿಯಲ್ಲಿ ಎರಡೇ. ನಮ್ಮಲ್ಲಿ ನಪುಂಸಕಲಿಂಗವಾಗಿರುವ ಮನೆ, ನೀರು, ಗಾಳಿ ಮುಂತಾದ ಎಲ್ಲ ಪದಗಳೂ ಅಲ್ಲಿ ಪುಲ್ಲಿಂಗಕ್ಕೋ ಸ್ತ್ರೀಲಿಂಗಕ್ಕೋ ಸೇರಲೇಬೇಕು.

1. ಕೆಳಗಿನ ಎಂಟು ಪದಗಳನ್ನು ಪುಲ್ಲಿಂಗ ಮತ್ತು ಸ್ತ್ರೀಲಿಂಗ ಎಂದು ವಿಂಗಡಿಸಿರಿ. ಪದದ ಕೊನೆಯ ಅಕ್ಷರವನ್ನಷ್ಟೇ ನೋಡಿ ನಿರ್ಧರಿಸಬೇಡಿರಿ. (4 ಅಂಕ)
ಪುಸ್ತಕ್, ಪಾನೀ, ಆತ್ಮಾ, ದಹೀ, ವಿಜಯ್, ಮೋತೀ, ಹವಾ, ಘರ್

2. ಆವರಣದಲ್ಲಿರುವ ಎರಡು ರೂಪಗಳಲ್ಲಿ ಸರಿಯಾದುದನ್ನು ಆರಿಸಿ ವಾಕ್ಯವನ್ನು ಪೂರ್ಣವಾಗಿ ಬರೆಯಿರಿ. (2 ಅಂಕ)
ಅ) ಕಾವೇರೀ ಹಮಾರೇ ಗಾಂವ್ ಕೇ ಪಾಸ್ (ಬಹತಾ / ಬಹತೀ) ಹೈ.
ಆ) ಯಹ ದೂಧ್ ಬಹುತ್ (ಠಂಡಾ / ಠಂಡೀ) ಹೈ.

3. ಮೈಸೂರು ದಸರೆಯ ಅಂಬಾರಿ ಹೊರುವ ಗಂಡಾನೆಯನ್ನು ಕುರಿತು ಒಬ್ಬ ವಿದ್ಯಾರ್ಥಿ “ದಶಹರೇ ಕೀ ಹಾಥೀ ಬಹುತ್ ಬಡೀ ಹೈ” ಎಂದು ಬರೆದಿದ್ದಾನೆ. ವಾಕ್ಯವನ್ನು ತಿದ್ದಿ ಬರೆಯಿರಿ. (1 ಅಂಕ)

ಭಾಗ 2: ಕ್ರಿಯಾರೂಪ (10 ಅಂಕ)

4. “ನಾನು ಶಾಲೆಗೆ ಹೋಗುತ್ತೇನೆ” ಎಂಬ ಮಾತನ್ನು ಹುಡುಗ ಹೇಳಿದರೂ ಹುಡುಗಿ ಹೇಳಿದರೂ ಕನ್ನಡದಲ್ಲಿ ಕ್ರಿಯಾಪದ ಬದಲಾಗುವುದಿಲ್ಲ. ಹಿಂದಿಯಲ್ಲಿ ಬದಲಾಗುತ್ತದೆ. ಇದನ್ನು ನೆನಪಿಟ್ಟುಕೊಂಡು ‘ಜಾನಾ’ ಧಾತುವಿನ ಸರಿಯಾದ ರೂಪದಿಂದ ಬಿಟ್ಟ ಸ್ಥಳ ತುಂಬಿರಿ. (3 ಅಂಕ)
ಅ) ರವಿ ಹೇಳುತ್ತಾನೆ: ಮೈಂ ರೋಜ್ ಸ್ಕೂಲ್ ______.
ಆ) ಗೀತಾ ಹೇಳುತ್ತಾಳೆ: ಮೈಂ ರೋಜ್ ಸ್ಕೂಲ್ ______.
ಇ) ನಾಳೆಯ ವಿಷಯವಾಗಿ ಗೀತಾ ಹೇಳುತ್ತಾಳೆ: ಮೈಂ ಕಲ್ ಬಾಜಾರ್ ______.

5. ಈ ವಾಕ್ಯಗಳನ್ನು ಸಾಮಾನ್ಯ ಭೂತಕಾಲಕ್ಕೆ ಪರಿವರ್ತಿಸಿರಿ. ಎಲ್ಲಿ ‘ನೇ’ ಬರುತ್ತದೆ, ಎಲ್ಲಿ ಬರುವುದಿಲ್ಲ ಎಂಬುದನ್ನು ನೀವೇ ನಿರ್ಧರಿಸಬೇಕು. (4 ಅಂಕ)
ಅ) ರವಿ ರೋಟೀ ಖಾತಾ ಹೈ.
ಆ) ಗೀತಾ ಆಮ್ ಖಾತೀ ಹೈ.
ಇ) ಗೀತಾ ಘರ್ ಜಾತೀ ಹೈ.
ಈ) ರವಿ ಕಿತಾಬ್ ಲಾತಾ ಹೈ.

6. “ಲಡಕೋಂ ನೇ ಬಿಲ್ಲೀ ಕೋ ______.” ಇಲ್ಲಿ ದೇಖಾ, ದೇಖೀ, ದೇಖೇ ಎಂಬ ಮೂರರಲ್ಲಿ ಯಾವುದು ಸರಿ? ಕಾರಣವನ್ನು ಕನ್ನಡದಲ್ಲಿ ಒಂದು ವಾಕ್ಯದಲ್ಲಿ ಬರೆಯಿರಿ. (2 ಅಂಕ)

7. “ಗುರುಜೀ ಆತಾ ಹೈ” ಎಂಬ ವಾಕ್ಯದಲ್ಲಿ ಗೌರವ ತಪ್ಪಿದೆ. ತಿದ್ದಿರಿ. (1 ಅಂಕ)

ಭಾಗ 3: ಕಾರಕ ಚಿಹ್ನೆ (8 ಅಂಕ)

8. ಕನ್ನಡದ ಚತುರ್ಥೀ ವಿಭಕ್ತಿಯ ‘ಗೆ’ ಪ್ರತ್ಯಯ ಕಂಡಲ್ಲೆಲ್ಲ ಹಿಂದಿಯಲ್ಲಿ ‘ಕೋ’ ಹಾಕುವುದು ನಮ್ಮ ತರಗತಿಯಲ್ಲಿ ಅತಿ ಹೆಚ್ಚು ಕಾಣುವ ತಪ್ಪು. ಕೆಳಗಿನ ಐದು ಕನ್ನಡ ವಾಕ್ಯಗಳಲ್ಲಿಯೂ ‘ಗೆ’ ಇದೆ. ಅ, ಆ, ಇ ವಾಕ್ಯಗಳ ಬಿಟ್ಟ ಸ್ಥಳ ತುಂಬಿರಿ. ಯಾವ ಚಿಹ್ನೆಯೂ ಬೇಡವೆನಿಸಿದರೆ ಅಡ್ಡಗೆರೆ ಎಳೆಯಿರಿ. ಈ ಮತ್ತು ಉ ವಾಕ್ಯಗಳನ್ನು ಹಿಂದಿಗೆ ಅನುವಾದಿಸಿರಿ. (5 ಅಂಕ)
ಅ) ನಾನು ಅಮ್ಮನಿಗೆ ಸೀರೆ ಕೊಟ್ಟೆನು. ಮೈಂನೇ ಮಾಂ ______ ಸಾಡೀ ದೀ.
ಆ) ರವಿ ನಾಯಿಗೆ ಹೆದರುತ್ತಾನೆ. ರವಿ ಕುತ್ತೇ ______ ಡರತಾ ಹೈ.
ಇ) ಅವರು ಮೈಸೂರಿಗೆ ಹೋದರು. ವೇ ಮೈಸೂರ್ ______ ಗಯೇ.
ಈ) ಈ ಪುಸ್ತಕ ನಿನಗಾಗಿ ಇದೆ.
ಉ) ನನಗೆ ಇಬ್ಬರು ತಂಗಿಯರಿದ್ದಾರೆ.

9. ತಪ್ಪುಗಳನ್ನು ತಿದ್ದಿ ಬರೆಯಿರಿ. (3 ಅಂಕ)
ಅ) ವಹ ಕಮರಾ ಮೇಂ ಹೈ. (1 ಅಂಕ)
ಆ) ಯಹ ಮೇರಾ ಭಾಈ ಕಾ ಕಿತಾಬ್ ಹೈ. (2 ಅಂಕ)

ಉತ್ತರಗಳು ಮತ್ತು ವಿವರಣೆ
(ಉತ್ತರ ಪತ್ರಿಕೆಗಳನ್ನು ಮರಳಿಸುವಾಗ ತರಗತಿಯಲ್ಲಿ ಓದಿ ಚರ್ಚಿಸಲು)

1. ಪುಲ್ಲಿಂಗ: ಪಾನೀ, ದಹೀ, ಮೋತೀ, ಘರ್. ಸ್ತ್ರೀಲಿಂಗ: ಪುಸ್ತಕ್, ಆತ್ಮಾ, ವಿಜಯ್, ಹವಾ. ಪ್ರತಿ ಪದಕ್ಕೆ ಅರ್ಧ ಅಂಕ. ‘ಆ’ಕಾರದಿಂದ ಮುಗಿಯುವ ಪದ ಪುಲ್ಲಿಂಗ, ‘ಈ’ಕಾರದಿಂದ ಮುಗಿಯುವ ಪದ ಸ್ತ್ರೀಲಿಂಗ ಎಂಬ ಸೂತ್ರವು ಲಡಕಾ, ಲಡಕೀ ಮುಂತಾದ ಎಷ್ಟೋ ಪದಗಳಿಗೆ ಸರಿಹೊಂದಿದರೂ ಪಾನೀ, ದಹೀ, ಘೀ, ಮೋತೀ ಪದಗಳಿಗೆ ಹೊಂದುವುದಿಲ್ಲ, ಹವಾ, ಆತ್ಮಾ ಪದಗಳಿಗೂ ಹೊಂದುವುದಿಲ್ಲ. ಪುಸ್ತಕ, ಆತ್ಮ, ವಿಜಯ ಪದಗಳು ಕನ್ನಡದಲ್ಲಿಯೂ ಇರುವುದರಿಂದ ಅವು ನಮಗೆ ಪರಿಚಿತವೆನಿಸುತ್ತವೆ. ಆದರೆ ಅರ್ಥ ತಿಳಿದಿದ್ದರೂ ಲಿಂಗವನ್ನು ಹೊಸದಾಗಿಯೇ ಕಲಿಯಬೇಕು. ಆದ್ದರಿಂದ ಹೊಸ ಪದವನ್ನು ಬರೆದುಕೊಳ್ಳುವಾಗ ‘ಅಚ್ಛೀ ಪುಸ್ತಕ್’, ‘ಠಂಡಾ ಪಾನೀ’ ಎಂದು ವಿಶೇಷಣದೊಡನೆಯೇ ಬರೆದುಕೊಳ್ಳಿರಿ.

2. ಅ) ಬಹತೀ. ಆ) ಠಂಡಾ.

3. ದಶಹರೇ ಕಾ ಹಾಥೀ ಬಹುತ್ ಬಡಾ ಹೈ. ಹೆಣ್ಣಾನೆಗೆ ‘ಹಥಿನೀ’ ಎಂಬ ಬೇರೆ ಪದವಿದೆ.

4. ಅ) ಜಾತಾ ಹೂಂ. ಆ) ಜಾತೀ ಹೂಂ. ಇ) ಜಾಊಂಗೀ.

5. ಅ) ರವಿ ನೇ ರೋಟೀ ಖಾಈ. ಆ) ಗೀತಾ ನೇ ಆಮ್ ಖಾಯಾ. ಇ) ಗೀತಾ ಘರ್ ಗಈ. ಈ) ರವಿ ಕಿತಾಬ್ ಲಾಯಾ.
ಇಡೀ ಪತ್ರಿಕೆಯಲ್ಲಿ ಹೆಚ್ಚು ಸಮಯ ಕೊಡಬೇಕಾದ ಪ್ರಶ್ನೆ ಇದು. ಕನ್ನಡದಲ್ಲಿ ಕ್ರಿಯಾಪದವು ಕರ್ತೃವನ್ನು ಅನುಸರಿಸುತ್ತದೆ: ರವಿ ತಿಂದನು, ಗೀತಾ ತಿಂದಳು. ಹಿಂದಿಯಲ್ಲಿ ಸಕರ್ಮಕ ಕ್ರಿಯೆಯು ಸಾಮಾನ್ಯ ಭೂತಕಾಲಕ್ಕೆ ಬಂದು ಕರ್ತೃವಿಗೆ ‘ನೇ’ ಹತ್ತಿದಾಗ ಕ್ರಿಯಾಪದವು ಕರ್ತೃವನ್ನು ಬಿಟ್ಟು ಕರ್ಮದ ಲಿಂಗ, ವಚನಗಳನ್ನು ಅನುಸರಿಸುತ್ತದೆ. ತಿಂದವನು ರವಿಯಾದರೂ ‘ರೋಟೀ’ ಸ್ತ್ರೀಲಿಂಗವಾದ್ದರಿಂದ ‘ಖಾಈ’ ಎಂದಾಯಿತು. ತಿಂದವಳು ಗೀತಾಳಾದರೂ ‘ಆಮ್’ ಪುಲ್ಲಿಂಗವಾದ್ದರಿಂದ ‘ಖಾಯಾ’ ಎಂದಾಯಿತು. ‘ಜಾನಾ’ ಅಕರ್ಮಕವಾದ್ದರಿಂದ ಅದಕ್ಕೆ ‘ನೇ’ ಇಲ್ಲ. ‘ಲಾನಾ’ ಮತ್ತು ‘ಭೂಲನಾ’ ಕ್ರಿಯೆಗಳಿಗೆ ಕರ್ಮವಿದ್ದರೂ ‘ನೇ’ ಬರುವುದಿಲ್ಲ. ಈ ಅಪವಾದವನ್ನು ಬಾಯಿಪಾಠ ಮಾಡದೆ ಬೇರೆ ದಾರಿಯಿಲ್ಲ. ‘ನೇ’ ಸರಿಯಾಗಿದ್ದು ಕ್ರಿಯಾರೂಪ ಮಾತ್ರ ತಪ್ಪಿದ್ದರೆ ಅರ್ಧ ಅಂಕ ಕೊಡಲಾಗಿದೆ.

6. ದೇಖಾ. ಕರ್ತೃವಿಗೆ ‘ನೇ’, ಕರ್ಮಕ್ಕೆ ‘ಕೋ’ ಎರಡೂ ಹತ್ತಿರುವುದರಿಂದ ಕ್ರಿಯಾಪದವು ಇಬ್ಬರಲ್ಲಿ ಯಾರನ್ನೂ ಅನುಸರಿಸದೆ ಪುಲ್ಲಿಂಗ ಏಕವಚನದಲ್ಲಿ ನಿಲ್ಲುತ್ತದೆ.

7. ಗುರುಜೀ ಆತೇ ಹೈಂ. ‘ಗುರುಗಳು ಬರುತ್ತಾರೆ’ ಎಂದು ಕನ್ನಡದಲ್ಲಿ ನಾವು ಬಹುವಚನ ಬಳಸುವ ರೀತಿಯೇ ಇಲ್ಲಿಯೂ ಇದೆ.

8. ಅ) ಕೋ. ಆ) ಸೇ. ಇ) ಅಡ್ಡಗೆರೆ, ಹೋಗುವ ಊರಿನ ಹೆಸರಿನ ಮುಂದೆ ಚಿಹ್ನೆ ಬೇಡ. ಈ) ಯಹ ಕಿತಾಬ್ ತುಮ್ಹಾರೇ ಲಿಏ ಹೈ. ಉ) ಮೇರೀ ದೋ ಬಹನೇಂ ಹೈಂ.
ಹೆದರಿಕೆಯು ಯಾವುದರಿಂದ ಹುಟ್ಟುತ್ತದೆ ಎಂದು ಹಿಂದಿ ನೋಡುತ್ತದೆ. ಆದ್ದರಿಂದ ಅಲ್ಲಿ ‘ಸೇ’. ಬಂಧುಗಳ ವಿಷಯದಲ್ಲಿ ಅದು ‘ನನ್ನ ಇಬ್ಬರು ತಂಗಿಯರು ಇದ್ದಾರೆ’ ಎಂಬ ರೀತಿಯಲ್ಲಿ ಹೇಳುತ್ತದೆ. ಎಲ್ಲಿಯೂ ಹೋಲಿಕೆ ಇಲ್ಲವೆಂದು ಬೇಸರಪಡಬೇಡಿರಿ: ‘ನನಗೆ ಹಸಿವಾಗಿದೆ’ ಎಂಬುದು ‘ಮುಝೇ ಭೂಖ್ ಲಗೀ ಹೈ’ ಎಂದೂ, ‘ನನಗೆ ನೀರು ಬೇಕು’ ಎಂಬುದು ‘ಮುಝೇ ಪಾನೀ ಚಾಹಿಏ’ ಎಂದೂ ಆಗುವಲ್ಲಿ ಎರಡು ಭಾಷೆಗಳೂ ಒಂದೇ ದಾರಿಯಲ್ಲಿ ನಡೆಯುತ್ತವೆ.

9. ಅ) ವಹ ಕಮರೇ ಮೇಂ ಹೈ. ಆ) ಯಹ ಮೇರೇ ಭಾಈ ಕೀ ಕಿತಾಬ್ ಹೈ.
ಮುಂದೆ ಕಾರಕ ಚಿಹ್ನೆ ಬಂದಾಗ ‘ಕಮರಾ’ ಮುಂತಾದ ಆಕಾರಾಂತ ಪುಲ್ಲಿಂಗ ಪದಗಳು ‘ಕಮರೇ’ ಎಂದು ರೂಪ ಬದಲಿಸುತ್ತವೆ. ‘ಮೇರಾ’ ಪದವೂ ‘ಮೇರೇ’ ಆಗುತ್ತದೆ. ‘ಕಾ’ ಅಥವಾ ‘ಕೀ’ ಎಂಬುದನ್ನು ನಿರ್ಧರಿಸುವವನು ಅಣ್ಣನಲ್ಲ, ಅವನ ಪುಸ್ತಕ. ‘ಮೇರೇ’ಗೆ ಒಂದು, ‘ಕೀ’ಗೆ ಒಂದು ಅಂಕ.